ನಿನ್ನೆ ಕಳುಹಿಸಿದ ಇನ್‌ವಾಯ್ಸ್: ಇಂಗ್ಲಿಷ್ ಇಮೇಲ್‌ನಲ್ಲಿ ಕಾಲ ಮತ್ತು ಆರ್ಟಿಕಲ್

ಕನ್ನಡ ಮನೆಮಾತಿನವರು ಕಚೇರಿಯಿಂದ ಕಳುಹಿಸುವ ಇಂಗ್ಲಿಷ್ ಇಮೇಲ್‌ಗಳಲ್ಲಿ ಇಂಥ ಸಾಲುಗಳು ಮತ್ತೆ ಮತ್ತೆ ಸಿಗುತ್ತವೆ: ‘ಐ ಹ್ಯಾವ್ ಸೆಂಟ್ ಇನ್‌ವಾಯ್ಸ್ ಯೆಸ್ಟರ್‌ಡೇ. ಕ್ಲೈಂಟ್ ಹ್ಯಾಡ್ ಫೌಂಡ್ ಎರರ್ ಇನ್ ಇಟ್.’ ಇರುವುದು ಎರಡೇ ವಾಕ್ಯ. ಕಾಲದ ತಪ್ಪು ಎರಡು, ಆರ್ಟಿಕಲ್ ತಪ್ಪು ಮೂರು.

ಮೊದಲು ಕಾಲ. ‘ನಿನ್ನೆ ಕಳುಹಿಸಿದ್ದೇನೆ’ ಎಂದರೆ ಕನ್ನಡದಲ್ಲಿ ಯಾವ ತೊಡಕೂ ಇಲ್ಲ. ತಪ್ಪು ನಮ್ಮ ಕಿವಿಗೆ ಬೀಳದಿರುವುದು ಇದರಿಂದಲೇ. ಇಂಗ್ಲಿಷಿನ ‘ಹ್ಯಾವ್ ಸೆಂಟ್’ ಮಾತ್ರ ಮುಗಿದುಹೋದ ಸಮಯವನ್ನು ಪಕ್ಕದಲ್ಲಿ ಸೇರಿಸುವುದಿಲ್ಲ. ಯೆಸ್ಟರ್‌ಡೇ, ಲಾಸ್ಟ್ ವೀಕ್, ಆನ್ ಮಂಡೇ, ಟೂ ಡೇಸ್ ಅಗೋ ಇವುಗಳಲ್ಲಿ ಒಂದು ಬಂದರೂ ಬರಿಯ ‘ಸೆಂಟ್’ ಸಾಕು. ಯಾವಾಗ ಎಂಬುದು ಮುಖ್ಯವಲ್ಲ, ಕೆಲಸ ಆಗಿದೆ ಎಂದು ತಿಳಿಸಬೇಕು ಎನ್ನುವಾಗ ‘ಐ ಹ್ಯಾವ್ ಸೆಂಟ್ ದಿ ಇನ್‌ವಾಯ್ಸ್’ ಸರಿ.

‘ಹ್ಯಾಡ್’ ಇನ್ನೂ ಹೆಚ್ಚು ಗೊಂದಲ ಮಾಡುತ್ತದೆ. ‘ಕಳುಹಿಸಿದ್ದೆ’ ಎಂಬುದನ್ನು ನಾವು ಸಲೀಸಾಗಿ ‘ಹ್ಯಾಡ್ ಸೆಂಟ್’ ಮಾಡಿಬಿಡುತ್ತೇವೆ. ಆದರೆ ಅದು ಹಿಂದೆ ನಡೆದ ಇನ್ನೊಂದು ಘಟನೆಗಿಂತಲೂ ಮೊದಲು ನಡೆದದ್ದನ್ನು ಹೇಳುವ ರೂಪ. ‘ಬೈ ದ ಟೈಮ್ ಯೂ ಕಾಲ್ಡ್, ಐ ಹ್ಯಾಡ್ ಸೆಂಟ್ ಇಟ್’ ಎಂಬಲ್ಲಿ ನೀವು ಫೋನ್ ಮಾಡಿದ್ದು ಆ ಎರಡನೆಯ ಘಟನೆ. ಅಂಥದ್ದು ಹಿಂದುಮುಂದಿನ ವಾಕ್ಯಗಳಲ್ಲೂ ಇಲ್ಲದೆ ‘ಐ ಹ್ಯಾಡ್ ಸೆಂಟ್ ಇಟ್’ ಎಂದು ನಿಲ್ಲಿಸಿದರೆ, ಓದುವವರು ಆಮೇಲೇನಾಯಿತು ಎಂದು ಕಾಯುತ್ತಾರೆ.

ಇನ್ನು ಆರ್ಟಿಕಲ್. ಕನ್ನಡದಲ್ಲಿ ಆರ್ಟಿಕಲ್ ಇಲ್ಲ, ನಿಜ. ಆದರೆ ಅದು ಹೇಳುವ ವ್ಯತ್ಯಾಸ ನಮಗೆ ಹೊಸದಲ್ಲ. ‘ಇನ್‌ವಾಯ್ಸ್ ಕಳುಹಿಸಿ’ ಎಂದರೆ ಯಾವುದಾದರೂ ಆಗಬಹುದು. ‘ಇನ್‌ವಾಯ್ಸನ್ನು ಕಳುಹಿಸಿ’ ಎಂದರೆ ಇಬ್ಬರಿಗೂ ಗೊತ್ತಿರುವ ಒಂದರ ಕಡೆಗೆ ಮನಸ್ಸು ಹೋಗುತ್ತದೆ. ಅಲ್ಲಿ ‘ದಿ’ ಹಾಕಿ ನೋಡಬಹುದು. ‘ಒಂದು ತಪ್ಪು ಸಿಕ್ಕಿತು’ ಎಂದು ಹೊಸದಾಗಿ ಪರಿಚಯಿಸುವಾಗ ‘ಆ್ಯನ್ ಎರರ್’. ಈ ‘ಅನ್ನು’ ಪರೀಕ್ಷೆ ಎಲ್ಲ ಕಡೆಯೂ ನಡೆಯುವುದಿಲ್ಲ. ಮನುಷ್ಯರನ್ನು ಹೇಳುವ ಪದಗಳು ಕರ್ಮವಾಗಿ ಬಂದಾಗ ಸಾಮಾನ್ಯವಾಗಿ ದ್ವಿತೀಯಾ ವಿಭಕ್ತಿ ಹೇಗೂ ಇರುತ್ತದೆ, ಕರ್ತೃಪದಕ್ಕೆ ಅದು ಬರುವುದೇ ಇಲ್ಲ. ‘ಕ್ಲೈಂಟ್’ ಇಲ್ಲಿ ಕರ್ತೃ. ಹಾಗಾಗಿ ಬೇರೆ ಪ್ರಶ್ನೆ ಕೇಳಿಕೊಳ್ಳಬೇಕು: ಯಾವ ಕ್ಲೈಂಟ್ ಎಂದು ಓದುವವರಿಗೆ ಗೊತ್ತಿದೆಯೇ? ಗೊತ್ತಿದ್ದರೆ ‘ದ ಕ್ಲೈಂಟ್’.

ಇಷ್ಟನ್ನೂ ಹಾಕಿದರೆ ಸಾಲುಗಳು ಹೀಗಾಗುತ್ತವೆ: ‘ಐ ಸೆಂಟ್ ದಿ ಇನ್‌ವಾಯ್ಸ್ ಯೆಸ್ಟರ್‌ಡೇ. ದ ಕ್ಲೈಂಟ್ ಫೌಂಡ್ ಆ್ಯನ್ ಎರರ್ ಇನ್ ಇಟ್.’ ಮೂರನೆಯ ವಾಕ್ಯ ಬರೆಯುವುದಾದರೆ ‘ಐ ವಿಲ್ ಕರೆಕ್ಟ್ ದಿ ಎರರ್ ಟುಡೇ’ ಎನ್ನಬೇಕು. ಹಿಂದಿನ ಸಾಲಿನಲ್ಲಿ ‘ಆ್ಯನ್’ ಆಗಿದ್ದದ್ದು ಇಲ್ಲಿ ‘ದಿ’ ಆಗಿದೆ, ಏಕೆಂದರೆ ಆ ತಪ್ಪು ಈಗ ಓದುವವರಿಗೂ ಗೊತ್ತು.