ಯೋಧ ಬಾಯಲ್ಲಿ ಹೇಳಿದರೆ ಸಾಕು, ಅದೇ ವಿಲ್ ಅಂತಾರಲ್ಲ, ನಿಜವೇ?

ಓದುಗರ ಪ್ರಶ್ನೆ: ನನ್ನ ಅಣ್ಣ ಸೇನೆಯಲ್ಲಿದ್ದಾನೆ. ಸದ್ಯ ಬೆಂಗಳೂರಿನಲ್ಲೇ ಪೋಸ್ಟಿಂಗ್. ವಿಲ್ ಬರೆದಿಡು ಎಂದರೆ, "ನಮಗೆ ಅದೆಲ್ಲ ಬೇಕಿಲ್ಲ, ಬಾಯಲ್ಲಿ ಹೇಳಿದರೆ ಕಾನೂನು ಒಪ್ಪುತ್ತೆ" ಅನ್ನುತ್ತಾನೆ. ಹೌದೇ? ಮಾಮೂಲಿ ವಿಲ್‌ಗೂ ಇದಕ್ಕೂ ಏನು ವ್ಯತ್ಯಾಸ?

ಉತ್ತರ: ಹಲಸೂರು, ಜಾಲಹಳ್ಳಿ, ಜೆ.ಸಿ. ನಗರ ಕಡೆಯ ಓದುಗರಿಂದ ಈ ಪ್ರಶ್ನೆ ಎಷ್ಟು ಸಲ ಬಂದಿದೆಯೋ ಲೆಕ್ಕವಿಲ್ಲ. ಪ್ರತಿ ಸಲವೂ ಹೇಳಿದ್ದೇನೆ, ಈಗ ಮತ್ತೆ ಹೇಳುತ್ತೇನೆ: ನಿಮ್ಮ ಅಣ್ಣನ ಮಾತು ತಪ್ಪು. ಬೆಂಗಳೂರಿನ ಕ್ವಾರ್ಟರ್ಸ್‌ನಲ್ಲಿ ಕುಳಿತು ಅವರು ಬಾಯಲ್ಲಿ ಏನು ಹೇಳಿದರೂ ಅದು ವಿಲ್ ಆಗುವುದಿಲ್ಲ. ನಿಮಗೂ ನನಗೂ ಇರುವ ನಿಯಮವೇ ಅವರಿಗೂ.

ಆ ನಿಯಮ ನಿಮಗೆ ಗೊತ್ತಿರುವುದೇ. ವಿಲ್ ಬರಹದಲ್ಲಿರಬೇಕು, ಬರೆಸಿದವರು ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕಬೇಕು. ಅದನ್ನು ನೋಡಿದ, ಅಥವಾ "ಇದು ನನ್ನ ಸಹಿ" ಎಂದು ಅವರ ಬಾಯಿಂದಲೇ ಕೇಳಿದ ಇಬ್ಬರು ಸಾಕ್ಷಿಗಳು ಅವರೆದುರೇ ಸಹಿ ಮಾಡಬೇಕು. ಛಾಪಾ ಕಾಗದ ಬೇಕಿಲ್ಲ, ನೋಂದಣಿಯೂ ಕಡ್ಡಾಯವಲ್ಲ. ಭಾರತೀಯ ಉತ್ತರಾಧಿಕಾರ ಕಾಯ್ದೆ, 1925ರ 63ನೇ ಕಲಂ ಹೇಳುವುದು ಇಷ್ಟು.

ಅದೇ ಕಾಯ್ದೆಯ 65 ಮತ್ತು 66ನೇ ಕಲಂಗಳಲ್ಲಿ ಇನ್ನೊಂದು ಬಗೆಯ ವಿಲ್ ಇದೆ. ಅದಕ್ಕೆ ವಿಶೇಷಾಧಿಕಾರದ ಉಯಿಲು ಎನ್ನುತ್ತಾರೆ. ಬಾಯಿಮಾತಿನ ವಿಲ್ ಬರುವುದು ಅಲ್ಲಿ. ಎಲ್ಲರಿಗೂ ಎಡವಟ್ಟಾಗುವುದೂ ಅಲ್ಲೇ. ಈ ಸವಲತ್ತು ಸಮವಸ್ತ್ರಕ್ಕೆ ಕೊಟ್ಟದ್ದು ಎಂದುಕೊಂಡಿದ್ದಾರೆ. ಅಲ್ಲ, ಸನ್ನಿವೇಶಕ್ಕೆ ಕೊಟ್ಟದ್ದು. ಸೇನಾ ಕಾರ್ಯಾಚರಣೆಗೆ ಹೊರಟಿರುವ ಅಥವಾ ನಿಜವಾದ ಕಾಳಗದಲ್ಲಿ ತೊಡಗಿರುವ ಸೈನಿಕ, ಅಂಥದ್ದೇ ಸ್ಥಿತಿಯಲ್ಲಿರುವ ವಾಯುಪಡೆಯವನು, ಸಮುದ್ರದಲ್ಲಿರುವ ನಾವಿಕ, ಈ ಮೂವರಿಗೆ ಮಾತ್ರ. ವಯಸ್ಸು ಹದಿನೆಂಟು ತುಂಬಿರಬೇಕು. ವಕೀಲರಿಲ್ಲದ, ಕಾಗದ ಪೆನ್ನು ಸಿಗದ, ನಾಳೆ ಇರುತ್ತೇನೋ ಇಲ್ಲವೋ ಗೊತ್ತಿಲ್ಲದ ಜಾಗದಲ್ಲಿರುವವನಿಗೆ ಕಾನೂನು ಕೊಟ್ಟಿರುವ ರಿಯಾಯಿತಿ ಇದು.

ಕಾಯ್ದೆಯಲ್ಲೇ ಕೊಟ್ಟಿರುವ ಉದಾಹರಣೆಗಳನ್ನು ನೋಡಿ, ತಕ್ಷಣ ಅರ್ಥವಾಗುತ್ತದೆ. ನೌಕಾದಳವನ್ನೇ ಮುನ್ನಡೆಸುವ ಅಡ್ಮಿರಲ್ ಒಬ್ಬರು ದಡದಲ್ಲಿ ವಾಸವಿದ್ದು, ಯಾವಾಗಲೋ ಒಮ್ಮೆ ಹಡಗು ಹತ್ತುವವರಾದರೆ ಅವರಿಗೆ ಈ ಹಕ್ಕಿಲ್ಲ. ಸರಕು ಸಾಗಿಸುವ ವ್ಯಾಪಾರಿ ಹಡಗಿನಲ್ಲಿ ಲೆಕ್ಕಪತ್ರ ನೋಡಿಕೊಳ್ಳುವವನು ಸಮುದ್ರದಲ್ಲಿದ್ದರೆ ಅವನಿಗೆ ಇದೆ! ಅವನು ಬಂದೂಕು ಮುಟ್ಟಿದವನೇ ಅಲ್ಲ. ಕಾರ್ಯಾಚರಣೆಗೆ ಹೋದ ರೆಜಿಮೆಂಟಿನ ಜೊತೆಗಿರುವ ವೈದ್ಯಾಧಿಕಾರಿಗೂ ಇದೆ. ಬಂಡುಕೋರರ ವಿರುದ್ಧ ನೆಲದ ಮೇಲೆ ಹೋರಾಡುತ್ತಿರುವ ಸೈನಿಕನನ್ನೂ ಕಾಳಗದಲ್ಲಿರುವವನೆಂದೇ ಕಾಯ್ದೆ ಎಣಿಸುತ್ತದೆ. ಹಾಗಾಗಿ ಘೋಷಿತ ಯುದ್ಧವೇ ಆಗಬೇಕೆಂದಿಲ್ಲ. ಕಾಶ್ಮೀರದಲ್ಲಿ ಉಗ್ರರ ವಿರುದ್ಧದ ಕಾರ್ಯಾಚರಣೆಯಲ್ಲಿರುವ ಹವಾಲ್ದಾರ್‌ಗೆ ಈ ಹಕ್ಕುಂಟು. ಅದೇ ಹವಾಲ್ದಾರ್ ಪೀಸ್ ಸ್ಟೇಷನ್ನಾದ ಬೆಂಗಳೂರಿಗೆ ಬಂದು ಬೆಳಗ್ಗೆ ಪರೇಡ್, ಸಂಜೆ ಮನೆ ಎಂದು ಇರುವಾಗ ಆ ಹಕ್ಕಿಲ್ಲ. ರ‍್ಯಾಂಕ್ ಬದಲಾಗಿಲ್ಲ, ಯೂನಿಟ್ ಬದಲಾಗಿಲ್ಲ, ಸನ್ನಿವೇಶ ಬದಲಾಗಿದೆ.

ಇನ್ನು ಹೇಳುವ ರೀತಿ. ಬಾಯಿಮಾತಿನ ವಿಲ್‌ಗೆ ಇಬ್ಬರು ಸಾಕ್ಷಿಗಳು ಬೇಕು, ಇಬ್ಬರೂ ಒಂದೇ ಹೊತ್ತಿನಲ್ಲಿ ಎದುರಿಗಿರಬೇಕು. ಮಾಮೂಲಿ ವಿಲ್‌ನಲ್ಲಿ ಒಬ್ಬ ಸಾಕ್ಷಿ ಬೆಳಗ್ಗೆ, ಇನ್ನೊಬ್ಬ ಸಂಜೆ ಸಹಿ ಹಾಕಿದರೂ ನಡೆಯುತ್ತದೆ. ಇಲ್ಲಿ ನಡೆಯುವುದಿಲ್ಲ. ಊಟದ ಹೊತ್ತಿಗೆ ಒಬ್ಬನಿಗೆ, ರಾತ್ರಿ ಪಹರೆಯಲ್ಲಿ ಇನ್ನೊಬ್ಬನಿಗೆ ಅದೇ ಮಾತು ಹೇಳಿದ್ದರೆ ಅದು ವಿಲ್ ಅಲ್ಲ.

ಕೆಲವು ವರ್ಷಗಳ ಹಿಂದೆ ಒಬ್ಬ ತಾಯಿ ನನ್ನ ಆಫೀಸಿಗೆ ಬಂದಿದ್ದರು. ಸೆರಗಿನಲ್ಲಿ ಸುತ್ತಿಟ್ಟುಕೊಂಡಿದ್ದ ಹಳೆಯ ಫೋನ್ ತೆಗೆದು, ಮಗ ಕಳಿಸಿದ್ದ ಧ್ವನಿ ಸಂದೇಶ ಕೇಳಿಸಿದರು. ಗಾಳಿಯ ಸದ್ದಿನ ನಡುವೆ ಅವನ ಮಾತು: "ಅಮ್ಮಾ, ನನಗೇನಾದ್ರೂ ಆದ್ರೆ ಸೈಟು ನಿನ್ನದೇ, ಯಾರಿಗೂ ಕೊಡಬೇಡ." ಆಮೇಲೆ ಅವರು ನನ್ನ ಮುಖ ನೋಡಿದರು. ಅದನ್ನು ಹೇಳುವಾಗ ಅವನ ಪಕ್ಕದಲ್ಲಿ ಯಾರಾದರೂ ಇದ್ದರೇ ಎಂದು ಕೇಳಿದೆ. ಗೊತ್ತಿಲ್ಲ ಎಂದರು. ಫೋನಿನ ಈಚೆಗೆ ಮನೆಮಂದಿ ಎಷ್ಟೇ ಜನ ಕೇಳಿಸಿಕೊಂಡಿದ್ದರೂ "ಇಬ್ಬರು ಸಾಕ್ಷಿಗಳ ಎದುರು" ಎಂಬ ಮಾತಿಗೆ ಅದನ್ನು ಹೊಂದಿಸುವುದು ಬಹಳ ಕಷ್ಟ. ಮಗನ ಇಚ್ಛೆ ಏನೆಂಬುದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಆದರೆ ನ್ಯಾಯಾಲಯ ಇಚ್ಛೆಯ ಜೊತೆಗೆ ಅದನ್ನು ತಿಳಿಸಿದ ಕ್ರಮವನ್ನೂ ನೋಡುತ್ತದೆ.

ಈಗ ಹೆಚ್ಚಿನವರಿಗೆ ಗೊತ್ತೇ ಇಲ್ಲದ ವಿಷಯ. ಬಾಯಿಮಾತಿನ ವಿಲ್‌ಗೆ ಆಯುಷ್ಯ ಕಡಿಮೆ. ಸೈನಿಕ ಬದುಕಿದ್ದು, ಅವನಿಗೆ ಈ ವಿಶೇಷ ಹಕ್ಕು ಕೊಟ್ಟ ಸನ್ನಿವೇಶ ಮುಗಿದರೆ, ಅಲ್ಲಿಂದ ಒಂದು ತಿಂಗಳಿಗೆ ಆ ವಿಲ್ ತಾನೇ ರದ್ದಾಗುತ್ತದೆ. ಯಾರೂ ರದ್ದು ಮಾಡಬೇಕಿಲ್ಲ.

ಲೆಕ್ಕ ಹಾಕಿ ನೋಡೋಣ. ಲಿಂಗರಾಜಪುರದ ಒಬ್ಬ ಕ್ರೈಸ್ತ ಹವಾಲ್ದಾರ್ ಎಂದುಕೊಳ್ಳಿ. ಹೆಂಡತಿ, ಒಬ್ಬಳು ಮಗಳು, ವಿಧವೆ ತಾಯಿ ಇದ್ದಾರೆ. ಅವರ ದುಡಿಮೆಯಲ್ಲಿ ಕೊಂಡ ಒಂದು ಸೈಟಿದೆ. ಜನವರಿ 14ರ ರಾತ್ರಿ ಕಾಶ್ಮೀರದ ಕಾರ್ಯಾಚರಣೆಯಲ್ಲಿ, ಇಬ್ಬರು ಸಂಗಡಿಗರ ಎದುರು, "ನಾನು ಹೋದರೆ ಸೈಟು ಅಮ್ಮನಿಗೆ" ಎನ್ನುತ್ತಾರೆ. ಏನೂ ಆಗುವುದಿಲ್ಲ. ಮಾರ್ಚ್ 1ಕ್ಕೆ ಅಲ್ಲಿನ ಕೆಲಸ ಮುಗಿದು ಬೆಂಗಳೂರಿಗೆ ವರ್ಗವಾಗುತ್ತದೆ. ಮಾರ್ಚ್ 20ರಂದು ರಸ್ತೆ ಅಪಘಾತದಲ್ಲಿ ತೀರಿಕೊಂಡರೆ ಬಾಯಿಮಾತು ಇನ್ನೂ ಜೀವಂತ, ಸೈಟು ತಾಯಿಗೆ. ಏಪ್ರಿಲ್ 20ಕ್ಕೆ ತೀರಿಕೊಂಡರೆ ತಿಂಗಳು ಕಳೆದಿದೆ, ವಿಲ್ ಇಲ್ಲ. ಆಗ ಕ್ರೈಸ್ತರಿಗೆ ಅನ್ವಯಿಸುವ ಹಂಚಿಕೆಯಂತೆ ಮೂರರಲ್ಲಿ ಒಂದು ಪಾಲು ಹೆಂಡತಿಗೆ, ಎರಡು ಪಾಲು ಮಗಳಿಗೆ. ತಾಯಿಗೆ ಒಂದು ಅಡಿಯೂ ಇಲ್ಲ.

ಅದೇ ಹವಾಲ್ದಾರ್ ಜನವರಿ 14ರ ರಾತ್ರಿ ಆ ಒಂದು ಸಾಲನ್ನು ನೋಟ್‌ಬುಕ್ಕಿನ ಹಾಳೆಯಲ್ಲಿ ತಮ್ಮ ಕೈಯಾರೆ ಬರೆದಿದ್ದರೆ? ಸಹಿ ಇಲ್ಲದಿದ್ದರೂ, ಒಬ್ಬ ಸಾಕ್ಷಿಯೂ ಇಲ್ಲದಿದ್ದರೂ ಅದು ವಿಲ್. ಅದಕ್ಕೆ ಒಂದು ತಿಂಗಳ ಗಡುವೂ ಇಲ್ಲ. ಆ ಗಡುವು ಬಾಯಿಮಾತಿಗೆ ಮಾತ್ರ. ಬೇರೆಯವರು ಬರೆದು ಇವರು ಸಹಿ ಹಾಕಿದ್ದರೂ ಸಾಕ್ಷಿಗಳು ಬೇಕಿಲ್ಲ. ವಿಲ್ ಹೀಗಿರಲಿ ಎಂದು ಸೂಚನೆ ಬರೆದಿಟ್ಟು, ಅದು ಪೂರ್ತಿಯಾಗುವ ಮೊದಲೇ ಪ್ರಾಣ ಹೋದರೆ ಆ ಸೂಚನೆಯೇ ವಿಲ್. 66ನೇ ಕಲಮಿನ ನಿಜವಾದ ಸವಲತ್ತು ಇಲ್ಲಿದೆ. ಜನ ಬಾಯಿಮಾತನ್ನೇ ಹಿಡಿದುಕೊಂಡು ಈ ಹಾಳೆಯನ್ನು ಮರೆತೇಬಿಟ್ಟಿದ್ದಾರೆ.

"ಇಂಗ್ಲೆಂಡಿನಲ್ಲಿ ಬಾಯಿಮಾತಿನ ವಿಲ್ ಒಪ್ಪಿದ್ದಾರಲ್ಲ" ಎಂದು ಕೇಳುವವರೂ ಇದ್ದಾರೆ. ಹೌದು. 1978ರಲ್ಲಿ ಉತ್ತರ ಐರ್ಲೆಂಡಿನಲ್ಲಿ ಗಸ್ತಿನಲ್ಲಿದ್ದಾಗ ಗುಂಡೇಟು ತಿಂದ ಸೈನಿಕನೊಬ್ಬ, ತಾನು ಉಳಿಯದಿದ್ದರೆ ತನ್ನದೆಲ್ಲ ಮದುವೆಯಾಗಬೇಕಿದ್ದ ಹುಡುಗಿಗೆ ಸೇರಲಿ ಎಂದಿದ್ದ. ಅದಕ್ಕೂ ಮುಂಚೆ ತಾಯಿಯ ಹೆಸರಿಗೆ ಬರೆದಿಟ್ಟ ವಿಲ್ ಇದ್ದರೂ ಅಲ್ಲಿನ ನ್ಯಾಯಾಲಯ ಬಾಯಿಮಾತನ್ನೇ ಎತ್ತಿಹಿಡಿಯಿತು. ಆದರೆ ಅದು ಅವರ 1837ರ ಕಾಯ್ದೆಯ ಮಾತು. ಇಬ್ಬರು ಸಾಕ್ಷಿ ಒಟ್ಟಿಗಿರಬೇಕು, ಒಂದು ತಿಂಗಳಿಗೆ ರದ್ದು ಎಂಬ ನಮ್ಮ ಷರತ್ತುಗಳು ಅದರಲ್ಲಿಲ್ಲ.

ಮೇಲಿನ ಲೆಕ್ಕದಲ್ಲಿ ಬೇಕೆಂದೇ ಕ್ರೈಸ್ತ ಹವಾಲ್ದಾರ್‌ರನ್ನು ತಂದೆ. 65, 66ನೇ ಕಲಂಗಳು ಕ್ರೈಸ್ತರಿಗೆ, ಪಾರ್ಸಿಗಳಿಗೆ ನೇರವಾಗಿ ಅನ್ವಯಿಸುತ್ತವೆ. ಮುಸ್ಲಿಮರಿಗೆ ಈ ಭಾಗವೇ ಅನ್ವಯಿಸುವುದಿಲ್ಲ. ಅವರ ವೈಯಕ್ತಿಕ ಕಾನೂನಿನಲ್ಲಿ ಸೈನಿಕನಲ್ಲದವನೂ ಬಾಯಿಮಾತಿನಲ್ಲಿ ವಿಲ್ ಮಾಡಬಹುದು, ವಾರಸುದಾರರ ಒಪ್ಪಿಗೆಯಿಲ್ಲದೆ ಮೂರನೇ ಒಂದು ಭಾಗ ಮೀರುವಂತಿಲ್ಲ ಅಷ್ಟೆ. ತೊಡಕಿರುವುದು ಹಿಂದೂ, ಸಿಖ್, ಜೈನ, ಬೌದ್ಧ ಸೈನಿಕರಿಗೆ. ಅವರಿಗೆ ಈ ಭಾಗದ ಯಾವ ಯಾವ ಕಲಂ ಅನ್ವಯಿಸುತ್ತದೆಂದು ಕಾಯ್ದೆಯ ಮೂರನೇ ಅನುಸೂಚಿಯಲ್ಲಿ ಪಟ್ಟಿಯಿದೆ. ಅದರಲ್ಲಿ 63 ಇದೆ, 64 ಇದೆ, ಆಮೇಲೆ ನೇರವಾಗಿ 68. ನಡುವಿನ 65, 66 ಇಲ್ಲ.

ಹಾಗಾದರೆ ಹಿಂದೂ ಸೈನಿಕನಿಗೆ ಬಾಯಿಮಾತಿನ ವಿಲ್ ಇಲ್ಲವೇ? ವಾದಕ್ಕೆ ದಾರಿಯಿದೆ. 63ನೇ ಕಲಂ ಶುರುವಾಗುವುದೇ ಕಾಳಗದಲ್ಲಿರುವ ಸೈನಿಕನನ್ನು ಬಿಟ್ಟು ಉಳಿದವರಿಗೆ ಎಂದು. 1927ರ ಜನವರಿ 1ರಿಂದ ಎಲ್ಲ ಹಿಂದೂಗಳ ವಿಲ್‌ಗೂ ಆ ಕಲಂ ಬರುವ ಮೊದಲು, ಹಿಂದೂ ಕಾನೂನಿನಲ್ಲಿ ಬಾಯಿಮಾತಿನ ವಿಲ್‌ಗೆ ಮಾನ್ಯತೆಯಿತ್ತು. 63 ಮುಟ್ಟದ ಸೈನಿಕನಿಗೆ ಆ ಹಳೆಯ ಸ್ವಾತಂತ್ರ್ಯ ಉಳಿದಿದೆ ಎಂದು ವಾದಿಸಬಹುದು. ನಾನೇ ಆ ಕುಟುಂಬದ ವಕೀಲನಾದರೆ ಹಾಗೇ ವಾದಿಸುತ್ತೇನೆ. ಆದರೆ ಮಗ ಬದುಕಿರುವಾಗ ಆ ವಾದವನ್ನು ನಂಬಿಕೊಂಡು ಕೂರಿ ಎಂದು ಯಾರಿಗೂ ಹೇಳಲಾರೆ. ಎದುರು ಪಕ್ಷದವರು ಆ ಪಟ್ಟಿಯನ್ನು ತೆರೆದು ತೋರಿಸಿದರೆ ಸಿವಿಲ್ ಕೋರ್ಟಿನಲ್ಲಿ ವರ್ಷಗಟ್ಟಲೆ ಅಲೆದಾಟ.

ಸಾಬೀತುಪಡಿಸುವ ಕಷ್ಟ ಬೇರೆ. ಕೇಸು ಬೆಂಗಳೂರಿನಲ್ಲಿ, ಸಾಕ್ಷಿಗಳಲ್ಲಿ ಒಬ್ಬ ಅಸ್ಸಾಮಿನಲ್ಲಿ, ಇನ್ನೊಬ್ಬ ರಾಜಸ್ಥಾನದಲ್ಲಿ. ಅದಕ್ಕೇ, ಇಂಥ ಮಾತು ಕೇಳಿಸಿಕೊಂಡ ಇಬ್ಬರೂ ಆದಷ್ಟು ಬೇಗ, ನೆನಪು ಹಸಿಯಾಗಿರುವಾಗಲೇ, ದಿನಾಂಕ, ಹೊತ್ತು, ಜಾಗ, ಅವನು ಆಡಿದ ಮಾತು ಆಡಿದ ಹಾಗೇ ಬರೆದು ಸಹಿ ಮಾಡಿಟ್ಟುಕೊಳ್ಳಲಿ. ಆ ಕಾಗದವೇ ವಿಲ್ ಅಲ್ಲ, ಆದರೆ ನಾಲ್ಕು ವರ್ಷದ ನಂತರ ಪಾಟೀಸವಾಲಿಗೆ ನಿಂತಾಗ ಆಸರೆಯಾಗುತ್ತದೆ.

ನಿಮ್ಮ ಅಣ್ಣ ಈಗ ಪೀಸ್ ಪೋಸ್ಟಿಂಗ್‌ನಲ್ಲಿದ್ದಾರೆ. ಒಂದು ಬಿಳಿ ಹಾಳೆ, ಇಬ್ಬರು ಸಾಕ್ಷಿಗಳು, ಅರ್ಧ ಗಂಟೆ ಸಾಕು. ಮುಂದಿನ ಫೀಲ್ಡ್ ಪೋಸ್ಟಿಂಗ್‌ಗೆ ಹೊರಡುವ ಮೊದಲೇ ಮಾಡಿಸಿ.

ನೀವು ಕೇಳದಿದ್ದರೂ ಒಂದು ಮಾತು. ಹೀಗೆ ಬರೆಯುವಾಗ ಹಲವರು "ನನ್ನ ಪಿಂಚಣಿ ತಮ್ಮನಿಗೆ" ಎಂದೂ ಸೇರಿಸುತ್ತಾರೆ. ಅದು ನಡೆಯುವುದಿಲ್ಲ. ಕುಟುಂಬ ಪಿಂಚಣಿ ಸತ್ತವರ ಆಸ್ತಿಯಲ್ಲ, ನಿಯಮದ ಪ್ರಕಾರ ಅರ್ಹರಾದವರಿಗೆ ಸೇರುವ ಹಕ್ಕು, ಅದನ್ನು ವಿಲ್ ಮೂಲಕ ಕೊಡಲಾಗದು ಎಂದು ಸುಪ್ರೀಂ ಕೋರ್ಟ್ 1991ರಲ್ಲಿ, ರೈಲ್ವೆ ನೌಕರರೊಬ್ಬರ ಪತ್ನಿಯ ಪ್ರಕರಣದಲ್ಲಿ ಹೇಳಿದೆ. ಆ ನೌಕರರು ಸೋದರನ ಹೆಸರಿಗೆ ವಿಲ್ ಬರೆದಿದ್ದರು. ಪಿಂಚಣಿ ಪತ್ನಿಗೇ ಹೋಯಿತು. ನಿಮ್ಮ ಅಣ್ಣನ ವಿಲ್‌ನಲ್ಲಿ ಸೈಟು, ಬ್ಯಾಂಕಿನ ಹಣ, ಒಡವೆ, ಗಾಡಿ ಇರಲಿ. ಪಿಂಚಣಿಗೆ ಮಾತ್ರ ಸರ್ವಿಸ್ ದಾಖಲೆಯಲ್ಲಿ ಹೆಂಡತಿ ಮಕ್ಕಳ ಹೆಸರು, ಹುಟ್ಟಿದ ದಿನಾಂಕ ಸರಿಯಾಗಿವೆಯೇ ಎಂದು ಯೂನಿಟ್ ಆಫೀಸಿನಲ್ಲಿ ನೋಡಿಸಿಕೊಳ್ಳಲಿ.