ಬಾರದವರೂ ಫೀಡ್‌ಬ್ಯಾಕ್ ಕೊಟ್ಟರೆ?

ಪ್ರಶ್ನೆ: ಒಂದು ದಿನದ ಕಾರ್ಯಾಗಾರ ಮುಗಿದ ಮೇಲೆ ಹೆಸರು ನೋಂದಾಯಿಸಿದ ಎಲ್ಲರಿಗೂ ಫೀಡ್‌ಬ್ಯಾಕ್ ಫಾರ್ಮ್ ಕಳಿಸಿದೆವು. ಉತ್ತರ ಬಂದಿವೆ. ಆದರೆ ನಿಜವಾಗಿ ಬಂದವರು ಯಾರು ಅಂತ ತಿಳಿಯುವುದು ಹೇಗೆ?

ಉತ್ತರ: ಹೆಸರು ಕೇಳಿ ಹೊಂದಿಸಲು ಹೋಗಬೇಡಿ. ಒಬ್ಬರೇ ಒಂದು ಕಡೆ ಪೂರ್ತಿ ಹೆಸರು ಬರೆದಿರುತ್ತಾರೆ, ಇನ್ನೊಂದು ಕಡೆ ಬರೀ ಇನಿಷಿಯಲ್. ಇಮೇಲ್ ಕೂಡ ಅಷ್ಟೇ, ಒಂದೇ ವಿಳಾಸದಿಂದ ಮೂವರು ನೋಂದಾಯಿಸಿರುತ್ತಾರೆ. ನೋಂದಣಿಯಾದ ಕೂಡಲೇ ಪ್ರತಿಯೊಬ್ಬರಿಗೂ ಒಂದು ಸಂಖ್ಯೆ ಕೊಡಿ. ಬಾಗಿಲಲ್ಲಿ ಹಾಜರಿ ಹಾಕುವಾಗಲೂ ಅದೇ ಸಂಖ್ಯೆ, ಫಾರ್ಮ್‌ನ ಲಿಂಕ್‌ನಲ್ಲೂ ಅದೇ. ನೇರವಾಗಿ ಬಾಗಿಲಿಗೇ ಬಂದವರಿಗೆ ಅಲ್ಲೇ ಹೊಸ ಸಂಖ್ಯೆ ಕೊಡಿ. 047 ಅಂತ ಇಟ್ಟರೆ ಸ್ಪ್ರೆಡ್‌ಶೀಟ್ ಮುಂದಿನ ಸೊನ್ನೆಯನ್ನು ನುಂಗಿ 47 ಮಾಡಿಬಿಡುತ್ತದೆ, ಆಮೇಲೆ ಹೊಂದುವುದೇ ಇಲ್ಲ. R047 ಅಂತ ಅಕ್ಷರ ಸೇರಿಸಿಬಿಡಿ.

ಗೂಗಲ್ ಫಾರ್ಮ್ಸ್‌ನಲ್ಲಿ ಸಂಖ್ಯೆಗೆಂದೇ ಒಂದು ಪ್ರಶ್ನೆ ಇಟ್ಟು, ಮೊದಲೇ ತುಂಬಿದ ಲಿಂಕ್ ಪಡೆಯಿರಿ. ಅದರ ಕೊನೆ ಹೀಗಿರುತ್ತದೆ:

```
viewform?usp=pp_url&entry.1234567=R047
```

`entry` ಮುಂದಿನ ಅಂಕಿ ನಿಮ್ಮ ಫಾರ್ಮ್‌ನದ್ದು. ಕೊನೆಯ R047 ಮಾತ್ರ ಒಬ್ಬೊಬ್ಬರಿಗೂ ಬದಲಾಗಬೇಕು. ಇದು ಬೀಗವೇನಲ್ಲ. ಓದುವವರಿಗೆ ಸಂಖ್ಯೆ ಕಾಣುತ್ತದೆ, ತಿದ್ದಲೂಬಹುದು. ಲಿಂಕನ್ನು ಗೆಳೆಯರಿಗೆ ಕಳಿಸಿದರೆ ಒಂದೇ ಸಂಖ್ಯೆಯಲ್ಲಿ ಎರಡು ಉತ್ತರ ಬರುತ್ತವೆ.

ಉತ್ತರದ ಹಾಳೆಯಲ್ಲಿ ಸಂಖ್ಯೆ B ಕಾಲಂನಲ್ಲಿದ್ದು, ಬಂದವರ ಸಂಖ್ಯೆಗಳು Hajari ಎಂಬ ಬೇರೆ ಹಾಳೆಯ A ಕಾಲಂನಲ್ಲಿದ್ದರೆ ಇಷ್ಟು ಸಾಕು:

```
=COUNTIF(Hajari!A:A, B2)
```

0 ಬಂದರೆ ಆ ಸಂಖ್ಯೆ ಹಾಜರಿಯಲ್ಲಿಲ್ಲ. ಆದರೂ ತಕ್ಷಣ ಅಳಿಸಬೇಡಿ. ಬಾಗಿಲಲ್ಲಿ ನೂಕುನುಗ್ಗಲಿದ್ದಾಗ ಕೆಲವರ ಹಾಜರಿ ತಪ್ಪಿಹೋಗಿರುತ್ತದೆ, ಅಲ್ವಾ? ಅವರು ಬರೆದದ್ದನ್ನು ಓದಿ. ಒಳಗೆ ಕೂತವರಿಗಷ್ಟೇ ಗೊತ್ತಿರುವ ಮಾತು ಇದ್ದರೆ ಉಳಿಸಿಕೊಳ್ಳಿ.

ಒಂದು ಲೆಕ್ಕ ನೋಡೋಣ. 120 ಜನ ನೋಂದಾಯಿಸಿದ್ದರು, 80 ಜನ ಬಂದರು, 50 ಉತ್ತರ ಸಿಕ್ಕಿವೆ ಅಂದುಕೊಳ್ಳಿ. ಅದರಲ್ಲಿ 8 ಬಾರದವರದ್ದು, 2 ಎರಡನೇ ಸಲ ಕಳಿಸಿದ್ದು. ಉಳಿದದ್ದು 40. ಅಂದರೆ ಬಂದವರಲ್ಲಿ ಅರ್ಧ ಜನ ಉತ್ತರಿಸಿದ್ದಾರೆ. ಇವರ ಸರಾಸರಿ 5ಕ್ಕೆ 3.9. ಪರವಾಗಿಲ್ಲ ಅನ್ನಿಸುತ್ತದೆ. ಊಟದ ನಂತರವೂ ಒಮ್ಮೆ ಹಾಜರಿ ಹಾಕಿದ್ದರೆ ಬೇರೆಯೇ ಕಾಣುತ್ತದೆ: ಕೊನೆಯವರೆಗೆ ಕೂತ 28 ಜನರ ಸರಾಸರಿ 4.5, ಮಧ್ಯದಲ್ಲೇ ಹೊರಟ 12 ಜನರದ್ದು 2.5. ನನ್ನ ಮಟ್ಟಿಗೆ ಈ ಎರಡನೇ ಹಾಜರಿಯೇ ಇಡೀ ಕೆಲಸದ ಲಾಭ.

ಹಾಜರಿ ಕೈಯಲ್ಲಿದ್ದರೆ ಫಾರ್ಮ್ ತಾನಾಗೇ ಚಿಕ್ಕದಾಗುತ್ತದೆ. ‘ಬಂದಿದ್ದಿರಾ?’, ‘ಎಷ್ಟು ಹೊತ್ತು ಇದ್ದಿರಿ?’ ಅಂತ ಕೇಳಬೇಕಿಲ್ಲ. ಕೂತವರಿಗೆ ಮೂರು ಪ್ರಶ್ನೆ: ಎಷ್ಟು ಅಂಕ, ಯಾವ ಭಾಗ ಕೆಲಸಕ್ಕೆ ಬಂತು, ಯಾವುದು ಜಾಸ್ತಿಯಾಯಿತು. ಮಧ್ಯದಲ್ಲಿ ಎದ್ದವರಿಗೆ ಅಂಕದ ಜೊತೆ ‘ಯಾಕೆ ಹೊರಟಿರಿ?’ ಬಾರದವರಿಗೆ ಬೇರೆ ಫಾರ್ಮ್, ಒಂದೇ ಪ್ರಶ್ನೆ: ‘ಯಾಕೆ ಬರಲಿಲ್ಲ?’

ಇನ್ನೊಂದು ವಿಷಯ. ಹೀಗೆ ಸಂಖ್ಯೆ ಸೇರಿಸಿದ ಮೇಲೆ ‘ನೀವು ಯಾರೆಂದು ನಮಗೆ ತಿಳಿಯುವುದಿಲ್ಲ’ ಅಂತ ಫಾರ್ಮ್ ಮೇಲೆ ಬರೆಯುವಂತಿಲ್ಲ, ಅದು ಸುಳ್ಳಾಗುತ್ತದೆ. ‘ಉತ್ತರವನ್ನು ಹಾಜರಿಯ ಜೊತೆ ಹೊಂದಿಸುತ್ತೇವೆ, ಭಾಷಣಕಾರರಿಗೆ ಹೆಸರು ತೋರಿಸುವುದಿಲ್ಲ’ ಅಂತ ಬರೆಯಿರಿ. ಹೊಂದಿಸಿ ಮುಗಿದ ಮೇಲೆ ಆ ಸಂಖ್ಯೆಯ ಕಾಲಂ ಅಳಿಸಿಬಿಡಿ.