ನಿಮ್ಮ ಬಿಲ್ ಎಷ್ಟನೆಯ ಪಂಕ್ತಿಯಲ್ಲಿದೆ?

ಒಂದು ಕಂಪನಿ ದಿವಾಳಿಯಾಗಿ ಅದರ ಆಸ್ತಿ ಮಾರಾಟಕ್ಕೆ ಬಂದಿದೆ ಎಂಬ ಸುದ್ದಿ ಹರಡಿದ ಕೂಡಲೇ ಬಿಲ್‌ಗಳ ಕಟ್ಟು ಹಿಡಿದವರು, ಆ ಮಾರಾಟ ನಡೆಸಿ ಹಣ ಹಂಚುವ ನಮ್ಮ ಕಚೇರಿಗೆ ಬರತೊಡಗುತ್ತಾರೆ. ಬೋಲ್ಟು ಕೊಟ್ಟವರು, ರಟ್ಟಿನ ಪೆಟ್ಟಿಗೆ ಕೊಟ್ಟವರು, ಕ್ಯಾಂಟೀನಿಗೆ ತರಕಾರಿ ಹಾಕಿದವರು. ಎಲ್ಲರದೂ ಒಂದೇ ಪ್ರಶ್ನೆ: "ಸರ್, ರೂಪಾಯಿಗೆ ಎಷ್ಟು ಪೈಸೆ ಬರಬಹುದು?"

ತಪ್ಪು ಆ ಪ್ರಶ್ನೆಯಲ್ಲೇ ಇದೆ. ಬಂದ ಹಣವನ್ನು ಎಲ್ಲರಿಗೂ ಸಮಪಾಲಾಗಿ ಹಂಚುತ್ತಾರೆ ಎಂದುಕೊಂಡೇ ಅವರು ಬಂದಿರುತ್ತಾರೆ. 2016ರ ದಿವಾಳಿ ಸಂಹಿತೆಯ 53ನೆಯ ಕಲಮು ಹಾಗೆ ಹೇಳುವುದಿಲ್ಲ. ಮದುವೆ ಮನೆಯ ಊಟ ನೆನಪಿಸಿಕೊಳ್ಳಿ. ಮೊದಲ ಪಂಕ್ತಿ ಕೈತೊಳೆಯುವವರೆಗೆ ಎರಡನೆಯದಕ್ಕೆ ಎಲೆ ಹಾಕುವುದಿಲ್ಲ. ಒಂದೇ ಪಂಕ್ತಿಯಲ್ಲಿ ಕುಳಿತವರಿಗೆ ಅನ್ನ ಸಾಲದೆ ಬಂದರೆ ಮಾತ್ರ ಎಲ್ಲರ ಎಲೆಗೂ ಅವರವರ ಬಾಕಿಯ ಪ್ರಮಾಣದಲ್ಲಿ ಕಡಿಮೆ ಬಡಿಸುತ್ತಾರೆ. ಮುಂದಿನ ಪಂಕ್ತಿಗೆ ಆಗ ಏನೂ ಉಳಿದಿರುವುದಿಲ್ಲ.

ಒಂದು ಲೆಕ್ಕ ಹಾಕೋಣ. ಬಿಡಿಭಾಗ ತಯಾರಿಸುತ್ತಿದ್ದ ಒಂದು ಕಾರ್ಖಾನೆಯ ಜಮೀನು, ಯಂತ್ರ ಎಲ್ಲ ಮಾರಿದಾಗ 10 ಕೋಟಿ ರೂಪಾಯಿ ಬಂತು ಎನ್ನಿ. ದಿವಾಳಿ ಪ್ರಕ್ರಿಯೆಯ ಮತ್ತು ಮಾರಾಟದ ಖರ್ಚು 80 ಲಕ್ಷ. ಅದು ಮೊದಲ ಪಂಕ್ತಿ, ಪೂರ್ತಿ ಸಲ್ಲುತ್ತದೆ. (ನಮ್ಮ ಶುಲ್ಕವೂ ಇದರಲ್ಲೇ ಸೇರಿದೆ. ಅದಕ್ಕಾಗಿ ಬೈಸಿಕೊಂಡು ಅಭ್ಯಾಸವಾಗಿದೆ.) ಉಳಿದದ್ದು 9.20 ಕೋಟಿ. ಎರಡನೆಯ ಪಂಕ್ತಿಯಲ್ಲಿ ಕಾರ್ಮಿಕರ ಹಿಂದಿನ 24 ತಿಂಗಳ ಬಾಕಿ 1.50 ಕೋಟಿ, ತನ್ನ ಅಡಮಾನದ ಹಕ್ಕನ್ನು ಬಿಟ್ಟುಕೊಟ್ಟ ಬ್ಯಾಂಕಿನ ಸಾಲ 10 ಕೋಟಿ. ಒಟ್ಟು 11.50 ಕೋಟಿಗೆ ಇರುವುದು 9.20 ಕೋಟಿ, ಎಂದರೆ ರೂಪಾಯಿಗೆ 80 ಪೈಸೆ. ಕಾರ್ಮಿಕರಿಗೆ 1.20 ಕೋಟಿ, ಬ್ಯಾಂಕಿಗೆ 8 ಕೋಟಿ. ಪಾತ್ರೆ ಖಾಲಿ.

"ಜಮೀನಿಗೆ ಇನ್ನೂ ಒಳ್ಳೆಯ ಬೆಲೆ ಬರುತ್ತಿತ್ತು, ನೀವೇ ಕಡಿಮೆಗೆ ಕೊಟ್ಟಿರಿ" ಎಂಬ ಮಾತು ಆಗ ಬಂದೇ ಬರುತ್ತದೆ. ಸರಿ, 14 ಕೋಟಿ ಬಂತು ಎಂದಿಟ್ಟುಕೊಳ್ಳಿ. ಮೊದಲೆರಡು ಪಂಕ್ತಿ ಪೂರ್ತಿ ಉಂಡ ಮೇಲೆ 1.70 ಕೋಟಿ ಉಳಿಯುತ್ತದೆ. ಕಾರ್ಮಿಕ ವರ್ಗಕ್ಕೆ ಸೇರದ ನೌಕರರ ಹಿಂದಿನ 12 ತಿಂಗಳ ಬಾಕಿ 40 ಲಕ್ಷ ಹೋಯಿತು. ನಂತರ ಅಡಮಾನವಿಲ್ಲದೆ ಬಡ್ಡಿಗೆ ಸಾಲ ಕೊಟ್ಟವರ 90 ಲಕ್ಷ. ಇನ್ನುಳಿದ 40 ಲಕ್ಷಕ್ಕೆ ಸರ್ಕಾರದ ಎರಡು ವರ್ಷಗಳ ತೆರಿಗೆ ಬಾಕಿ 60 ಲಕ್ಷ ಕಾದಿದೆ. ಮುಗಿಯಿತು. ಬೋಲ್ಟು ಕೊಟ್ಟವರು ಆರನೆಯ ಪಂಕ್ತಿಯವರು. ಬೆಲೆ 4 ಕೋಟಿ ಏರಿದರೂ ಅವರ ಎಲೆಗೆ ಉಪ್ಪೂ ಬೀಳಲಿಲ್ಲ. ಅವರ ಹಿಂದೆ ಆದ್ಯತಾ ಷೇರುದಾರರು, ಎಲ್ಲರಿಗಿಂತ ಕೊನೆಗೆ ಸಾಮಾನ್ಯ ಷೇರುದಾರರು.

ಇಲ್ಲಿ ಒಂದು ವಿಷಯ ಎಲ್ಲರನ್ನೂ ಕೆರಳಿಸುತ್ತದೆ. ಮಾಲೀಕರ ಭಾವಮೈದುನ ಕಂಪನಿಗೆ ಬಡ್ಡಿ ಸಾಲ ಕೊಟ್ಟಿದ್ದರೆ, ಅದು ನಿಜವಾದ ಸಾಲವೆಂದು ದಾಖಲೆಯಿಂದ ಸಾಬೀತಾದರೆ, ಸರಕು ಕೊಟ್ಟ ನಿಮಗಿಂತ ಮುಂದಿನ ಸಾಲಿನಲ್ಲಿ ಅವರು ಕೂರುತ್ತಾರೆ. ನನಗೂ ಇದು ಹಿತವೆನಿಸುವುದಿಲ್ಲ. ಆದರೆ ಈ ತಾರತಮ್ಯದ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಹೋಗಿ, 2019ರ ಸ್ವಿಸ್ ರಿಬ್ಬನ್ಸ್ ತೀರ್ಪಿನಲ್ಲಿ 53ನೆಯ ಕಲಮು ಗಟ್ಟಿಯಾಗಿ ನಿಂತಿದೆ. ನಿಮ್ಮ ಬಿಲ್ ಬ್ಯಾಂಕಿನ ಸಾಲಕ್ಕಿಂತ ಹಳೆಯದು ಎಂಬುದರಿಂದ ಪಂಕ್ತಿ ಬದಲಾಗದು. ಸಣ್ಣ ಉದ್ದಿಮೆಯೆಂಬ ನೋಂದಣಿಯಿಂದಲೂ ಬದಲಾಗದು. ಸಿವಿಲ್ ಕೋರ್ಟಿನ ಡಿಕ್ರಿ ಬಾಕಿ ಇರುವುದಕ್ಕೆ ಪುರಾವೆಯೇ ಹೊರತು ಅಡಮಾನವಲ್ಲ.

ಬ್ಯಾಂಕು ಮಾತ್ರ ಒಂದು ಆಯ್ಕೆ ಇಟ್ಟುಕೊಂಡಿರುತ್ತದೆ. ಅಡಮಾನವನ್ನು ಬಿಟ್ಟುಕೊಡದೆ ತಾನೇ ಮಾರಿಕೊಳ್ಳಬಹುದು. ಆಗ ಸಾಲ ಪೂರ್ತಿ ತೀರದಿದ್ದರೆ ಉಳಿದ ಭಾಗಕ್ಕೆ ಅದು ಐದನೆಯ ಪಂಕ್ತಿಗೆ ಇಳಿದು ಸರ್ಕಾರದ ಪಕ್ಕದಲ್ಲಿ ಕೂರಬೇಕು.

ಹಾಗಾದರೆ ನಾವು ಬಂದದ್ದೇ ದಂಡವೇ ಎಂದು ಕೇಳುತ್ತಾರೆ. ಪ್ರತಿ ಪ್ರಕರಣದ ಕಾಗದಪತ್ರ ನೋಡದೆ ಹಾಗೆನ್ನಲಾರೆ. ಪ್ರಕಟಣೆಯಲ್ಲಿ ಹೇಳಿದ ಗಡುವಿನೊಳಗೆ ನಿಮ್ಮ ಬಾಕಿಯ ಹಕ್ಕು ಸಲ್ಲಿಸಿಡಿ. ಅದಕ್ಕಿಂತ ಮೊದಲು ಕಾರ್ಖಾನೆಯೊಳಗೆ ನಿಮ್ಮದೇ ವಸ್ತು ಏನಾದರೂ ಇದೆಯೇ ಎಂದು ನೋಡಿ. ಕಂಪನಿಯ ವಶದಲ್ಲಿದ್ದರೂ ಅದರ ಒಡೆತನದಲ್ಲಿಲ್ಲದ ವಸ್ತು ಹಂಚಿಕೆಗೆ ಸೇರುವುದಿಲ್ಲ. ಕಾರ್ಮಿಕರ ಭವಿಷ್ಯನಿಧಿಯ ಹಣವೂ ಸೇರುವುದಿಲ್ಲ, ಅದು ಈ ಪಂಕ್ತಿಗಳಿಂದಲೇ ಹೊರಗೆ.

ಕೆಲವು ವರ್ಷಗಳ ಹಿಂದೆ ವಯಸ್ಸಾದ ಡೈ ತಯಾರಕರೊಬ್ಬರು ಬಂದಿದ್ದರು. ಬಾಕಿ ಬಿಲ್ ತೋರಿಸುತ್ತಲೇ ಇದ್ದರು, ನಾನು ಇಲ್ಲ ಎನ್ನುತ್ತಲೇ ಇದ್ದೆ. ಏಳುವಾಗ, "ನನ್ನ ನಾಲ್ಕು ಡೈ ಅಲ್ಲೇ ಪ್ರೆಸ್ಸಿನ ಪಕ್ಕದಲ್ಲಿವೆ, ಬಳಸಿ ವಾಪಸು ಕೊಡಿ ಎಂದು ಕಳಿಸಿದ್ದೆ" ಎಂದರು. ಮೊದಲೇ ಹೇಳಬಾರದಿತ್ತೇ ಎಂದು ನಾನು ಗದರಿದ್ದು ಈಗಲೂ ಚುಚ್ಚುತ್ತದೆ. ಮರುದಿನ ಹಳೆಯ ಡೆಲಿವರಿ ಚಲನ್‌ಗಳನ್ನು ತಂದರು. "ಮಾರಾಟಕ್ಕಲ್ಲ, ಹಿಂದಿರುಗಿಸತಕ್ಕದ್ದು" ಎಂದು ಬರೆದದ್ದು ಎರಡರಲ್ಲಿ ಮಾತ್ರ ಇತ್ತು. ಆ ಎರಡು ಡೈಗಳನ್ನು ಟೆಂಪೋದಲ್ಲಿ ಹಾಕಿಕೊಂಡು ಹೋದರು. ಇನ್ನೆರಡು ಹರಾಜಿಗೆ ಹೋದವು.